ಆರ್ಡರ್ ಮಾಡಿದ ಊಟ ಹಳಸಿ ಬಂದರೆ ಏನು ಮಾಡಬೇಕು: ದುಡ್ಡಿಗೊಂದು ದೂರು, ಅಡುಗೆಮನೆಗೊಂದು ದೂರು

ಹೋದ ಬೇಸಿಗೆಯಲ್ಲಿ ಒಂದು ಶನಿವಾರ ರಾತ್ರಿ ಬೆಂಗಳೂರಿನ ವಿಜಯನಗರದ ನಮ್ಮ ಮನೆಗೆ ಆ್ಯಪ್‌ನಲ್ಲಿ ಊಟ ತರಿಸಿದ್ದೆ. ಎರಡು ಬಿಸಿಬೇಳೆಬಾತ್, ಒಂದು ಮೊಸರನ್ನ, ಒಂದು ವೆಜ್ ಫ್ರೈಡ್ ರೈಸ್. ಡಬ್ಬಿ ಮುಚ್ಚಳ ತೆಗೆದ ಕೂಡಲೇ ಅಮ್ಮ ಮೂಸಿ ನೋಡಿ, "ಇದು ಹಳಸಿದೆ ಕಣೋ, ಮಗುಗೆ ಕೊಡಬೇಡ" ಅಂದರು. ಚಮಚದಲ್ಲಿ ಎತ್ತಿದರೆ ಬಾತ್ ನೂಲು ನೂಲಾಗಿ ಏಳುತ್ತಿತ್ತು. ಎರಡನೇ ಡಬ್ಬಿಯೂ ಹಾಗೇ ಇತ್ತು. ಮೂರನೆಯದನ್ನು ತೆಗೆದರೆ ವೆಜ್ ಬದಲು ಎಗ್ ಫ್ರೈಡ್ ರೈಸ್. ಅಮ್ಮ ಮೊಟ್ಟೆ ಮುಟ್ಟುವವರಲ್ಲ.

ಆ್ಯಪ್‌ನಲ್ಲಿ ದೂರು ಹಾಕಿದ ಐದೇ ನಿಮಿಷಕ್ಕೆ 140 ರೂಪಾಯಿ ಕೂಪನ್ ಕೊಡ್ತೀವಿ ಅಂದರು. ಒಪ್ಪಿಕೊಂಡಿದ್ದರೆ ಅಲ್ಲಿಗೆ ದೂರು ಮುಚ್ಚಿಹೋಗುತ್ತಿತ್ತು. ಆದರೆ ನಮ್ಮ ಮನೆಗೆ ಬಂದ ಬಾತ್ ಒಂದು ದೊಡ್ಡ ಪಾತ್ರೆಯಿಂದ ಬಂದದ್ದು, ಅದೇ ಹೊತ್ತಿಗೆ ಅದೇ ಪಾತ್ರೆಯಿಂದ ಇನ್ನೂ ಎಷ್ಟೋ ಮನೆಗೆ ಹೋಗುತ್ತಿತ್ತು. ಕೂಪನ್ ಅದನ್ನು ನಿಲ್ಲಿಸುವುದಿಲ್ಲ, ಅಲ್ವಾ?

ಇಲ್ಲಿ ಇರೋದು ಎರಡು ವಿಷಯ. ಒಂದು ನಿಮ್ಮ ದುಡ್ಡು. ಅದು ನಿಮಗೂ ಆ್ಯಪ್‌ಗೂ ನಡುವಿನ ಲೆಕ್ಕ. ಇನ್ನೊಂದು ಆ ಅಡುಗೆಮನೆಯ ಶುಚಿ. ಅದನ್ನು ಹೋಗಿ ನೋಡುವ ಅಧಿಕಾರ ಇರೋದು ಆಹಾರ ಸುರಕ್ಷತಾ ಅಧಿಕಾರಿಗೆ. ಎರಡನ್ನೂ ಒಂದೇ ಮೆಸೇಜಲ್ಲಿ ಸೇರಿಸಿ ಬೈದರೆ ಎರಡೂ ಕೆಡುತ್ತವೆ. ಸಾಕ್ಷಿ ಒಂದೇ ಇರಲಿ, ದೂರು ಎರಡು ಇರಲಿ. ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

1. ಮೊದಲು ತಟ್ಟೆ ಪಕ್ಕಕ್ಕಿಡಿ, ನಿಜವಾಗಿ ಹಳಸಿದೆಯಾ ನೋಡಿ

ಹುಳಿ ಬೇರೆ, ಹಳಸಿದ್ದು ಬೇರೆ. ದೋಸೆ, ಇಡ್ಲಿಗೆ ಹುದುಗಿನ ವಾಸನೆ ಇದ್ದೇ ಇರುತ್ತದೆ. ಮೊಸರನ್ನ ಸ್ವಲ್ಪ ಹುಳಿ ಬಂದಿದ್ದರೆ ಅದು ರುಚಿಯ ದೂರು ಅಷ್ಟೇ, ಶುಚಿಯ ದೂರಲ್ಲ. ಆದರೆ ಅನ್ನ, ಬೇಳೆ, ಪಲ್ಯದ ಪದಾರ್ಥ ಲೋಳೆಯಾಗಿದ್ದರೆ, ಎತ್ತಿದಾಗ ನೂಲು ಬಂದರೆ, ಸಾಂಬಾರಿನ ಮೇಲೆ ಸಣ್ಣ ಗುಳ್ಳೆಗಳ ನೊರೆ ಇದ್ದರೆ, ತೆಂಗಿನಕಾಯಿ ಚಟ್ನಿ ನೀರು ಬಿಟ್ಟು ಕೆಟ್ಟ ವಾಸನೆ ಹೊಡೆದರೆ ಅದು ಹಳಸಿದ್ದೇ. ಇದನ್ನು ಹೇಳಲು ಮೂಗು, ಕಣ್ಣು ಸಾಕು. ರುಚಿ ನೋಡಲು ಬಾಯಿಗೆ ಹಾಕಬೇಡಿ, ಒಂದು ಚಮಚವೂ ಬೇಡ.

ಬಿಸಿ ಮಾಡಿದರೆ ಸರಿಹೋಗುತ್ತೆ ಅಂತ ಕೆಲವರು ಮೈಕ್ರೊವೇವ್‌ಗೆ ಇಡುತ್ತಾರೆ. ಸರಿಹೋಗಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ, ಅದು ಅನ್ನ ಬೇಯಿಸಿದರೂ ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಅದಕ್ಕೇ ಮಾಡಿಟ್ಟ ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ ಬೇಗ ಆರಿಸಿ 5 ಡಿಗ್ರಿಗಿಂತ ಕೆಳಗೆ ಫ್ರಿಡ್ಜಿನಲ್ಲಿಡಬೇಕು. ನಡುವಿನ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಬೆಳಗ್ಗೆ ಹತ್ತಕ್ಕೆ ಮಾಡಿದ ಬಾತ್ ಒಲೆ ಆರಿಸಿದ ಪಾತ್ರೆಯಲ್ಲೇ ರಾತ್ರಿವರೆಗೆ ಕೂತರೆ ಏನಾಗುತ್ತದೆ ಅನ್ನೋದು ನಮ್ಮ ಡಬ್ಬಿಯಲ್ಲೇ ಕಾಣುತ್ತಿತ್ತು. ಒಂದು ಮಾತು ನೆನಪಿರಲಿ: ವಾಸನೆ ಇಲ್ಲದ ಊಟವೂ ಹೊಟ್ಟೆ ಕೆಡಿಸಬಹುದು. ವಾಸನೆ ಬಂದರೆ ದೂರು ಗಟ್ಟಿಯಾಗುತ್ತೆ, ಬರದಿದ್ದರೆ ಊಟ ಚೆನ್ನಾಗಿದೆ ಅಂತೇನೂ ಅಲ್ಲ.

ತಪ್ಪು ಐಟಂ ಬಂದದ್ದನ್ನು ಇದರ ಜೊತೆ ಕಲಸಬೇಡಿ. ವೆಜ್ ಬದಲು ಎಗ್ ಬಂದದ್ದು ಪ್ಯಾಕ್ ಮಾಡುವಾಗ ಆದ ತಪ್ಪು, ಅಡುಗೆಮನೆ ಕೊಳಕು ಅನ್ನೋದಕ್ಕೆ ಅದು ಸಾಕ್ಷಿಯಲ್ಲ. ಹಾಗಂತ ಅದು ಸಣ್ಣದೂ ಅಲ್ಲ. ಸಸ್ಯಾಹಾರಿಗಳಿಗೆ ಅದು ತುಂಬಾ ನೋಯುವ ವಿಷಯ, ಕಡಲೆಕಾಯಿಯ ಅಲರ್ಜಿ ಇರುವವರಿಗೆ ಇಂಥದ್ದೇ ತಪ್ಪು ಜೀವಕ್ಕೆ ಬರಬಹುದು. ಏನಾಗಿದೆಯೋ ಅದನ್ನೇ ಬರೆಯಿರಿ. ಚೆಲ್ಲಿದ್ದು, ತಣ್ಣಗಾದದ್ದು ಇದ್ದರೆ ಅದನ್ನೂ ಬೇರೆಯಾಗಿ ಹೇಳಿ. ಡೆಲಿವರಿಗೆ ಬಂದ ಹುಡುಗ ಸೀಲ್ ಮಾಡಿದ ಪ್ಯಾಕೆಟ್ ತಂದು ಕೊಟ್ಟವನು. ಹಳಸಿದ ಬಾತಿಗೆ ಅವನಿಗೆ ಒಂದು ಸ್ಟಾರ್ ಕೊಟ್ಟರೆ ಅವನ ದುಡಿಮೆಗೆ ಪೆಟ್ಟು ಬೀಳುತ್ತದೆ, ಅಡುಗೆಮನೆಗೆ ಏನೂ ಆಗುವುದಿಲ್ಲ.

2. ಹತ್ತು ನಿಮಿಷದಲ್ಲಿ ಸಾಕ್ಷಿ ಮಾಡಿಕೊಳ್ಳಿ

ನಾನು ಐದು ಫೋಟೊ, ಒಂದು ವಿಡಿಯೊ ತೆಗೆದೆ. ಮೊದಲ ಫೋಟೊದಲ್ಲಿ ಕವರಿನ ಮೇಲೆ ಅಂಟಿಸಿದ ಬಿಲ್ಲು, ಆರ್ಡರ್ ಸಂಖ್ಯೆ ಓದುವ ಹಾಗೆ. ಆಮೇಲೆ ಮುಚ್ಚಳ ತೆಗೆದ ಎರಡು ಬಾತ್ ಡಬ್ಬಿ, ಬಿಲ್ಲಿನ ಪಕ್ಕದಲ್ಲೇ ಇಟ್ಟು. ನಂತರ ಮೊಟ್ಟೆ ಕಾಣುವ ಹಾಗೆ ಫ್ರೈಡ್ ರೈಸ್. ಕೊನೆಗೆ ನಾಲ್ಕೂ ಡಬ್ಬಿ ಒಟ್ಟಿಗೆ. ವಿಡಿಯೊ ಹದಿನೈದು ಸೆಕೆಂಡಿನದು. ಬಿಲ್ಲಿನಿಂದ ಶುರುವಾಗಿ ಚಮಚ ಎತ್ತುವವರೆಗೆ ಒಂದೇ ಓಟದಲ್ಲಿ, ನಿಲ್ಲಿಸದೆ ತೆಗೆದೆ. ಫೋಟೊದಲ್ಲಿ ವಾಸನೆ ಕಾಣಲ್ಲ, ನೂಲು ವಿಡಿಯೊದಲ್ಲೇ ಕಾಣೋದು. ಫಿಲ್ಟರ್, ಎಡಿಟ್ ಬೇಡ. ಮೂಲ ಫೈಲ್ ಫೋನಲ್ಲೇ ಇರಲಿ, ಏಕೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊದಿಂದ ತೆಗೆದ ಹೊತ್ತಿನ ವಿವರ ಅಳಿಸಿಹೋಗುತ್ತದೆ.

ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ, ಅದರ 14 ಅಂಕಿಯ ಸಂಖ್ಯೆಯನ್ನು ಬಿಲ್ಲಿನಲ್ಲಿ ಹುಡುಕಿ. 2022ರ ಜನವರಿಯಿಂದ ಬಿಲ್ಲಿನಲ್ಲಿ ಅದನ್ನು ಹಾಕೋದು ಕಡ್ಡಾಯ. ಬಿಲ್ಲಿನಲ್ಲಿ ಇಲ್ಲದಿದ್ದರೆ ಆ್ಯಪ್‌ನಲ್ಲಿ ಆ ಹೋಟೆಲಿನ ಮೆನು ಪುಟದ ಕೆಳಗೆ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬೆಂಗಳೂರಲ್ಲಿ ಇದು ತುಂಬಾ ಮುಖ್ಯ, ಏಕೆಂದರೆ ಎಷ್ಟೋ ಕಡೆ ಒಂದೇ ಅಡುಗೆಮನೆ ಮೂರು ನಾಲ್ಕು ಬೇರೆ ಬೇರೆ ಹೆಸರಲ್ಲಿ ಊಟ ಮಾರುತ್ತದೆ. ಬೋರ್ಡಿನ ಹೆಸರು ಹಿಡಿದು ಹೋದರೆ ಅಧಿಕಾರಿಗೆ ಜಾಗವೇ ಸಿಗಲ್ಲ, ಈ ಸಂಖ್ಯೆ ಹಿಡಿದು ಹೋದರೆ ಸಿಗುತ್ತದೆ.

ಊಟ ಎಸೆಯಬೇಡಿ. ಡಬ್ಬಿ ಮುಚ್ಚಿ, ಕವರಿನಲ್ಲಿ ಕಟ್ಟಿ, ಬೇರೆ ಅಡುಗೆಗೆ ತಾಗದ ಹಾಗೆ ಫ್ರಿಡ್ಜಿನಲ್ಲಿಡಿ. ಆದರೆ ಅದನ್ನೇ ಲ್ಯಾಬಿಗೆ ಕೊಟ್ಟು ಕೇಸ್ ಗೆಲ್ಲಬಹುದು ಅಂತ ಎಣಿಸಬೇಡಿ. ಆಹಾರ ಸುರಕ್ಷತೆ ಕಾಯ್ದೆ 2006ರ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೂ ಶುಲ್ಕ ಕಟ್ಟಿ ಆಹಾರ ಪರೀಕ್ಷೆ ಮಾಡಿಸಬಹುದು, ಆದರೆ ಪರೀಕ್ಷೆ ಮಾಡಿಸ್ತೀನಿ ಅಂತ ಕೊಳ್ಳುವ ಹೊತ್ತಲ್ಲೇ ಮಾರುವವರಿಗೆ ಹೇಳಿರಬೇಕು. ಆ್ಯಪ್‌ನಲ್ಲಿ ತರಿಸಿದ ಊಟಕ್ಕೆ ಯಾರೂ ಹಾಗೆ ಹೇಳಿರಲ್ಲ. ಹಾಗಾಗಿ ನಿಮ್ಮ ಫ್ರಿಡ್ಜಿನ ಡಬ್ಬಿ ಆ್ಯಪ್‌ನವರಿಗೆ ತೋರಿಸಲು, ಯಾರಾದರೂ ಕಾಯಿಲೆ ಬಿದ್ದರೆ ಡಾಕ್ಟರಿಗೆ ಹೇಳಲು ಉಪಯೋಗ. ಕಾನೂನಿನ ಸ್ಯಾಂಪಲ್ ಅಧಿಕಾರಿಯೇ ಅಡುಗೆಮನೆಯಲ್ಲಿ ಹೊಸದಾಗಿ ತೆಗೆಯಬೇಕು.

3. ಅಡುಗೆಮನೆಗೆ ಒಂದು ಫೋನ್ ಮಾಡಿ

ಇದನ್ನು ಬಹಳ ಜನ ಬಿಡುತ್ತಾರೆ. ನನ್ನ ಪ್ರಕಾರ ಆ ರಾತ್ರಿ ಬೇರೆಯವರನ್ನು ಉಳಿಸುವುದು ಇದೊಂದೇ. ಆ್ಯಪ್‌ನ ದೂರು, ಸರ್ಕಾರದ ದೂರು ಎರಡಕ್ಕೂ ದಿನಗಳು ಹಿಡಿಯುತ್ತವೆ, ಪಾತ್ರೆ ಮಾತ್ರ ಈಗಲೇ ಒಲೆ ಮೇಲಿದೆ. ದುಡ್ಡಿನ ಮಾತೇ ಎತ್ತಬೇಡಿ. ನಾನು ಕೇಳಿದ್ದು ಇಷ್ಟೇ:

"ಸರ್, ನಿಮ್ಮ ಬಿಸಿಬೇಳೆಬಾತ್ ಹಳಸಿದೆ, ನೂಲು ಬರ್ತಿದೆ. ದಯವಿಟ್ಟು ಆ ಪಾತ್ರೆ ಈಗಲೇ ಇಳಿಸಿ, ಇನ್ನು ಯಾರಿಗೂ ಕಳಿಸಬೇಡಿ. ಎಷ್ಟು ಗಂಟೆಗೆ ಮಾಡಿದ್ದು ಅದು?"

ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಗ್ಗೆ ಮಾಡಿದ್ದು ಸರ್, ಇವತ್ತು ಆರ್ಡರ್ ಕಡಿಮೆ ಇತ್ತು" ಅಂದರು. ಕೂಗಾಡಿದ್ದರೆ ಆ ಮಾತು ಬರುತ್ತಿರಲಿಲ್ಲ. ಫೋನಿಟ್ಟ ಕೂಡಲೇ ಹೊತ್ತು, ಅವರು ಹೇಳಿದ ಮಾತು ಎರಡನ್ನೂ ಬರೆದುಕೊಂಡೆ. ಮುಂದೆ ಅಧಿಕಾರಿಗೆ ಹೆಚ್ಚು ಉಪಯೋಗವಾದದ್ದು ನನ್ನ ಐದು ಫೋಟೊಗಿಂತ ಈ ಒಂದು ಸಾಲು. ಹತ್ತು ನಿಮಿಷ ಬಿಟ್ಟು ಆ್ಯಪ್ ನೋಡಿದರೆ ಬಿಸಿಬೇಳೆಬಾತ್ ಸಿಗುವುದಿಲ್ಲ ಅಂತ ತೋರಿಸುತ್ತಿತ್ತು. ಅದರದ್ದೂ ಸ್ಕ್ರೀನ್‌ಶಾಟ್ ತೆಗೆದೆ.

4. ದುಡ್ಡಿನ ದೂರು: ಲೆಕ್ಕ ಹಾಕಿ ಕೇಳಿ

ಪೂರ್ತಿ ಆರ್ಡರಿನ ಹಣ ಕೊಡಿ ಅಂತ ಶುರು ಮಾಡಿದರೆ, ಅವರು ಕೂಪನ್ನಿನಿಂದ ಶುರು ಮಾಡುತ್ತಾರೆ, ನಡುವೆ ಎಲ್ಲೋ ಚೌಕಾಸಿ ನಿಲ್ಲುತ್ತದೆ. ಅದರ ಬದಲು ಕೆಟ್ಟ ಐಟಂಗಳ ಲೆಕ್ಕ ಕೊಟ್ಟರೆ ಬೇಗ ಮುಗಿಯುತ್ತದೆ. ನಮ್ಮ ಬಿಲ್ಲು ಹೀಗಿತ್ತು. ಬಾತ್ 140ರಂತೆ ಎರಡಕ್ಕೆ 280, ಮೊಸರನ್ನ 110, ಫ್ರೈಡ್ ರೈಸ್ 180. ಒಟ್ಟು 570. ಪ್ಯಾಕಿಂಗ್ 30, ಎರಡೂ ಸೇರಿದ 600ರ ಮೇಲೆ ಶೇಕಡಾ 5ರಷ್ಟು ತೆರಿಗೆ 30, ಡೆಲಿವರಿ 40. ಕಟ್ಟಿದ್ದು 670 ರೂಪಾಯಿ. ಕೆಟ್ಟದ್ದು, ತಪ್ಪಾದದ್ದು ಸೇರಿ 460. ಆ 460ರ ಮೇಲಿನ ತೆರಿಗೆ 23. ಅಂದರೆ 483 ರೂಪಾಯಿ. ಐಟಂ ಬೆಲೆ ಮಾತ್ರ ವಾಪಸ್ ಕೊಟ್ಟು ತೆರಿಗೆ ಮರೆಯೋದು ಮಾಮೂಲಿ, ಹಾಗಾಗಿ ಅದನ್ನು ನೀವೇ ಸೇರಿಸಿ ಕೇಳಿ. ಚಾಟ್‌ನಲ್ಲಿ ನಾನು ಬರೆದದ್ದು:

"ಆರ್ಡರ್ ಬಂದದ್ದು ರಾತ್ರಿ 8:52ಕ್ಕೆ. ಬಿಸಿಬೇಳೆಬಾತ್ ಎರಡೂ ಡಬ್ಬಿ ಹಳಸಿವೆ: ಕೆಟ್ಟ ವಾಸನೆ, ಲೋಳೆ, ನೂಲು. ವೆಜ್ ಫ್ರೈಡ್ ರೈಸ್ ಬದಲು ಎಗ್ ಫ್ರೈಡ್ ರೈಸ್ ಬಂದಿದೆ. ಈ ಮೂರನ್ನೂ ತಿಂದಿಲ್ಲ. ಫೋಟೊ, ವಿಡಿಯೊ ಹಾಕಿದ್ದೇನೆ. ಮೂರು ಐಟಂಗಳ 460 ರೂಪಾಯಿ, ತೆರಿಗೆ 23 ರೂಪಾಯಿ, ಒಟ್ಟು 483 ರೂಪಾಯಿ ನಾನು ಹಣ ಕಟ್ಟಿದ ಖಾತೆಗೇ ವಾಪಸ್ ಬರಬೇಕು. ಕೂಪನ್ ಬೇಡ. ಮೊಸರನ್ನ ಚೆನ್ನಾಗಿತ್ತು, ಅದಕ್ಕೆ ಹಣ ಕೇಳುತ್ತಿಲ್ಲ."

ಆ ಕೊನೆಯ ಸಾಲು ಬಿಡಬೇಡಿ. ಚೆನ್ನಾಗಿದ್ದದ್ದನ್ನು ಚೆನ್ನಾಗಿತ್ತು ಅಂದವರ ಮಾತನ್ನು ಓದುವವರು ನಂಬುತ್ತಾರೆ, ಅದು ನಿಜವೂ ಹೌದು. ಮೊದಲು ಅವರು 460 ಒಪ್ಪಿದರು, ತೆರಿಗೆಯ ಸಾಲನ್ನು ಮತ್ತೊಮ್ಮೆ ತೋರಿಸಿದ ಮೇಲೆ 483. ನಾಲ್ಕನೇ ದಿನ ಖಾತೆಗೆ ಬಂತು. ಚಾಟ್ ಮುಚ್ಚುವ ಮೊದಲು ಪೂರ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ.

ಇಲ್ಲೇ ಬಹಳ ಜನ ಎಡವುತ್ತಾರೆ. "ದುಡ್ಡು ಕೊಡದಿದ್ದರೆ ಎಫ್‌ಎಸ್‌ಎಸ್‌ಎಐಗೆ ದೂರು ಕೊಡ್ತೀನಿ" ಅಂತ ಬರೆಯುತ್ತಾರೆ. ಬರೆಯಲೇಬೇಡಿ. ಹಾಗೆ ಬರೆದರೆ, ದುಡ್ಡು ಕೊಟ್ಟರೆ ಸುಮ್ನೆ ಇರ್ತೀನಿ ಅಂತ ನೀವೇ ಒಪ್ಪಿಕೊಂಡ ಹಾಗಾಯಿತು. ನಾಳೆ ಅಧಿಕಾರಿ ಆ ಚಾಟ್ ಓದಿದರೆ ಶುಚಿಯ ದೂರು ಚೌಕಾಸಿಯ ಅಸ್ತ್ರದ ಹಾಗೆ ಕಾಣುತ್ತದೆ. ಹೋಟೆಲಿನವರು ಅದನ್ನೇ ಬೆದರಿಕೆ ಅಂತ ತೋರಿಸಬಹುದು. ಹಣ ಒಪ್ಪಿಕೊಳ್ಳುವಾಗ ಒಂದು ಸಾಲು ಸೇರಿಸಿ: "ಈ ಹಣ ಊಟದ ಬೆಲೆಗೆ ಮಾತ್ರ. ಅಡುಗೆಮನೆಯ ಶುಚಿಯ ಬಗ್ಗೆ ನನ್ನ ದೂರು ಬೇರೆ ಇದೆ." ಹಣ ತೆಗೆದುಕೊಂಡ ಮಾತ್ರಕ್ಕೆ ಸರ್ಕಾರಕ್ಕೆ ದೂರು ಕೊಡುವ ಹಕ್ಕು ಹೋಗುವುದಿಲ್ಲ.

ಆ್ಯಪ್‌ನವರು ಹಣ ಕೊಡಲ್ಲ ಅಂದರೆ ಚಾಟ್‌ನಲ್ಲಿ ಮತ್ತೆ ಮತ್ತೆ ಜಗಳ ಆಡಬೇಡಿ. ಪ್ರತಿ ಆ್ಯಪ್‌ಗೂ ಕುಂದುಕೊರತೆ ಅಧಿಕಾರಿ ಇರಲೇಬೇಕು, ಅವರ ಇಮೇಲ್ ಆ್ಯಪ್‌ನಲ್ಲೇ ಹಾಕಿರಬೇಕು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದು ಕೋರ್ಟಲ್ಲ, ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ವಕೀಲರೂ ಕಡ್ಡಾಯವಲ್ಲ. ಆದರೂ ಬರೀ 483 ರೂಪಾಯಿಗೆ ಅಲ್ಲಿಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಯಾರಾದರೂ ಕಾಯಿಲೆ ಬಿದ್ದು ಆಸ್ಪತ್ರೆ ಖರ್ಚಾಗಿದ್ದರೆ ಮಾತು ಬೇರೆ.

5. ಅಡುಗೆಮನೆ ದೂರು: ದುಡ್ಡಿನ ಮಾತಿಲ್ಲದೆ

ಇದನ್ನು ನಾನು ಮರುದಿನ ಬೆಳಗ್ಗೆ, ಕೋಪ ಇಳಿದ ಮೇಲೆ ಬರೆದೆ. ಎಫ್‌ಎಸ್‌ಎಸ್‌ಎಐನ Food Safety Connect ಆ್ಯಪ್‌ನಲ್ಲಿ, ಇಲ್ಲವೇ foscos.fssai.gov.in ಪುಟದಲ್ಲಿ ದೂರು ಹಾಕಬಹುದು. ಫೋನ್ ಆದರೆ 1800112100. ದೂರು ಆ ಅಡುಗೆಮನೆ ಇರುವ ಪ್ರದೇಶದ ಅಂಕಿತ ಅಧಿಕಾರಿಗೆ ಹೋಗುತ್ತದೆ, ಅವರ ಕೈಕೆಳಗೆ ಆಹಾರ ಸುರಕ್ಷತಾ ಅಧಿಕಾರಿ ಇರುತ್ತಾರೆ. ಹಾಗಾಗಿ ವಿಳಾಸ ತುಂಬುವಾಗ ನಿಮ್ಮ ಮನೆಯದಲ್ಲ, ಅಡುಗೆಮನೆಯ ವಿಳಾಸ ಮುಖ್ಯ. ನಾನಿರೋದು ವಿಜಯನಗರ, ಅಡುಗೆಮನೆ ಇದ್ದದ್ದು ನಾಗರಬಾವಿ ಕಡೆ.

ಬರೆಯುವ ಮೊದಲು ಅದೇ ಪುಟದಲ್ಲಿ ಆ 14 ಅಂಕಿ ಹಾಕಿ ನೋಡಿ. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ವ್ಯಾಪಾರದವರ ನೋಂದಣಿ. ಹೆಸರು, ವಿಳಾಸ ಬಿಲ್ಲಿನ ಜೊತೆ ಹೊಂದದಿದ್ದರೆ ಅಥವಾ ಅವಧಿ ಮುಗಿದಿದ್ದರೆ ಅದೇ ಒಂದು ದೊಡ್ಡ ವಿಷಯ, ದೂರಿನ ಮೊದಲ ಸಾಲಲ್ಲೇ ಬರೆಯಿರಿ.

"ತುಂಬಾ ಕೊಳಕು ಹೋಟೆಲ್, ಮುಚ್ಚಿಸಿ" ಅಂತ ಬರೆದರೆ ಅಧಿಕಾರಿಗೆ ಏನು ನೋಡಬೇಕು ಅಂತಲೇ ಗೊತ್ತಾಗಲ್ಲ. ನೀವು ಅವರ ಅಡುಗೆಮನೆ ಕಂಡಿಲ್ಲ, ಕಂಡದ್ದು ಡಬ್ಬಿ ಮಾತ್ರ. ಕಂಡದ್ದನ್ನು ಹೇಳಿ, ನೋಡಬೇಕಾದದ್ದನ್ನು ಕೇಳಿ:

"ನಿನ್ನೆ ರಾತ್ರಿ 8:52ಕ್ಕೆ ಬಂದ ಬಿಸಿಬೇಳೆಬಾತ್ ಎರಡೂ ಡಬ್ಬಿಯಲ್ಲಿ ಲೋಳೆ, ನೂಲು, ಕೆಟ್ಟ ವಾಸನೆ ಇತ್ತು. 9:05ಕ್ಕೆ ಫೋನ್ ಮಾಡಿದಾಗ ಬೆಳಗ್ಗೆ ಮಾಡಿದ್ದು ಎಂದು ಹೇಳಿದರು. ಮಾಡಿದ ಅಡುಗೆಯನ್ನು ಯಾವ ಬಿಸಿಯಲ್ಲಿ, ಎಷ್ಟು ಹೊತ್ತು ಇಡುತ್ತಾರೆ, ಫ್ರಿಡ್ಜ್ ಎಷ್ಟು ತಣ್ಣಗಿದೆ, ಉಳಿದದ್ದನ್ನು ಮರುದಿನ ಬಳಸುತ್ತಾರೆಯೇ, ಮೊಟ್ಟೆ ಐಟಂ ಮತ್ತು ವೆಜ್ ಐಟಂ ಪ್ಯಾಕಿಂಗ್ ಬೇರೆ ಇದೆಯೇ ಎಂದು ಪರಿಶೀಲಿಸಬೇಕು. ಈ ದೂರಿನಲ್ಲಿ ನನಗೆ ಹಣದ ಬೇಡಿಕೆ ಇಲ್ಲ."

ಸಾಧ್ಯವಾದರೆ ಆ ಅಡುಗೆ ಮಾಡುವ, ಇಟ್ಟುಕೊಳ್ಳುವ ಹೊತ್ತನ್ನೂ ಸೂಚಿಸಿ. ಬೆಳಗ್ಗೆ ಹೋದರೆ ಪಾತ್ರೆಯಲ್ಲಿ ಎಲ್ಲವೂ ತಾಜಾ ಇರುತ್ತದೆ. ಮಧ್ಯಾಹ್ನದ ಅಡುಗೆ ರಾತ್ರಿಗೆ ಹೇಗೆ ದಾಟುತ್ತದೆ ಅನ್ನೋದು ಸಂಜೆ ನಾಲ್ಕರಿಂದ ಆರರ ನಡುವೆ ಗೊತ್ತಾಗುತ್ತದೆ.

6. ಯಾರಾದರೂ ತಿಂದಿದ್ದರೆ

ನಮ್ಮಲ್ಲಿ ಹಳಸಿದ್ದನ್ನು ಯಾರೂ ತಿಂದಿರಲಿಲ್ಲ. ತಿಂದಿದ್ದರೆ ಮೊದಲ ಕೆಲಸ ದೂರಲ್ಲ, ಓಆರ್‌ಎಸ್. ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಜೋರು ಜ್ವರ ಬಂದರೆ, ಮೂತ್ರ ಕಡಿಮೆಯಾದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರಾದರೆ ಅಷ್ಟಕ್ಕೂ ಕಾಯಬೇಡಿ.

ಕೊನೆಗೆ ತಿಂದದ್ದೇ ಕಾರಣ ಅಂತ ತಟ್ಟನೆ ಹೇಳಬೇಡಿ. ಹಳಸಿದ ಅನ್ನದ ವಿಷಕ್ಕೆ ಸಾಮಾನ್ಯವಾಗಿ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಸಾಲ್ಮೊನೆಲ್ಲಾದಂಥ ಸೋಂಕಿಗೆ ಆರು ಗಂಟೆಯಿಂದ ಕೆಲವು ದಿನ ಬೇಕಾಗಬಹುದು, ಅಂದರೆ ಅದು ನಿನ್ನೆಯ ಮದುವೆ ಊಟದ್ದೂ ಆಗಿರಬಹುದು. ಮೂರು ದಿನ ಏನೇನು ತಿಂದಿರಿ, ಯಾರು ಯಾರಿಗೆ ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಒಂದೇ ಡಬ್ಬಿ ತಿಂದ ಇಬ್ಬರಿಗೂ ಆಗಿ, ತಿನ್ನದವರಿಗೆ ಆಗದಿದ್ದರೆ ದೂರು ಗಟ್ಟಿಯಾಗುತ್ತದೆ. ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ, ಚೀಟಿಯಲ್ಲಿ ಊಟದ ವಿಷಯ ಬರೆಯಲು ಕೇಳಿ. ಔಷಧಿ ಬಿಲ್ಲು ಇಟ್ಟುಕೊಳ್ಳಿ, ಗ್ರಾಹಕ ಆಯೋಗದಲ್ಲಿ ಲೆಕ್ಕಕ್ಕೆ ಬರುವುದು ಇವೇ.

7. ದೂರು ಕೊಟ್ಟ ಮೇಲೆ

ದೂರಿನ ಸಂಖ್ಯೆ ಇಟ್ಟುಕೊಂಡು ವಾರಕ್ಕೊಮ್ಮೆ ಸ್ಥಿತಿ ನೋಡಿ. ನನಗೆ ಒಂಬತ್ತನೇ ದಿನ ಅಧಿಕಾರಿಯ ಫೋನ್ ಬಂತು. ಮೊದಲು ಕೇಳಿದ್ದು, "ಬೆಳಗ್ಗೆ ಮಾಡಿದ್ದು ಅಂತ ಅವರೇ ಹೇಳಿದ್ರಾ?" ಅಂತ. ಹೌದು ಅಂದೆ, ಹೊತ್ತು ಹೇಳಿದೆ. ಅವರು ಹೋಗಿ ನೋಡಿದ ಮೇಲೆ ಅಡುಗೆಮನೆಗೆ ಸುಧಾರಣೆ ನೋಟಿಸ್ ಕೊಟ್ಟಿದ್ದೇವೆ ಅಂತ ತಿಳಿಸಿದರು. ಅಂದರೆ ಇಂತಿಂಥದ್ದನ್ನು ಇಷ್ಟು ದಿನದೊಳಗೆ ಸರಿಮಾಡಿ, ಇಲ್ಲದಿದ್ದರೆ ಲೈಸೆನ್ಸ್ ಅಮಾನತು ಮಾಡಬಹುದು ಅಂತ ಲಿಖಿತವಾಗಿ ಹೇಳುವುದು. ತಕ್ಷಣ ಬೀಗ ಹಾಕಲ್ಲ, ಹಾಕಬೇಕು ಅಂತ ನಾನೂ ಬಯಸಿರಲಿಲ್ಲ. ಅಲ್ಲಿ ದುಡಿಯುವವರಿಗೂ ಮನೆ ಇದೆ, ಪಾತ್ರೆ ಬಿಸಿಯಾಗಿಡುವ ಸಲಕರಣೆ ಬಂದರೆ ಸಾಕಿತ್ತು.

ಕೆಲವೊಮ್ಮೆ ಯಾರೂ ಹೋಗಿ ನೋಡದೆ, "ಗ್ರಾಹಕರಿಗೆ ಹಣ ವಾಪಸ್ ನೀಡಲಾಗಿದೆ" ಅಂತ ಬರೆದು ದೂರು ಮುಚ್ಚುತ್ತಾರೆ. ಹಣದ ಬೇಡಿಕೆ ಇಲ್ಲ ಅಂತ ನೀವು ಬರೆದ ಸಾಲು ಕೆಲಸಕ್ಕೆ ಬರೋದು ಆಗ. ಅದನ್ನೇ ತೋರಿಸಿ ಮತ್ತೆ ದೂರು ಹಾಕಿ, ಹಳೆಯ ಸಂಖ್ಯೆ ನಮೂದಿಸಿ. ಅದಕ್ಕೂ ಉತ್ತರ ಬರದಿದ್ದರೆ ಅಂಕಿತ ಅಧಿಕಾರಿಯ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು ಎರಡೇ: ಈ ಸಂಖ್ಯೆಯ ದೂರಿನ ಮೇಲೆ ಯಾವ ದಿನ ಪರಿಶೀಲನೆ ಆಯಿತು, ಮತ್ತು ಪರಿಶೀಲನಾ ವರದಿಯ ಪ್ರತಿ.